ಕಂಟ್ರೋಲ್ ಒತ್ತಿದೆ, ಕಂಟ್ರೋಲ್ ತಪ್ಪಿತು

ಹೊಸ ಕಂಪನಿ ಸೇರಿ ಮೂರನೇ ದಿನ. ಏಳು ವರ್ಷ ವಿಂಡೋಸ್ ಲ್ಯಾಪ್‌ಟಾಪಿನಲ್ಲೇ ದುಡಿದ ನನ್ನ ಕೈಗೆ ಮೊದಲ ಸಲ ಮ್ಯಾಕ್‌ಬುಕ್ ಬಂದಿತ್ತು. ಟರ್ಮಿನಲ್‌ನಲ್ಲಿ ಹಳೆಯ ಡೇಟಾವನ್ನು ಟೆಸ್ಟ್ ಡೇಟಾಬೇಸಿಗೆ ಸಾಗಿಸುವ ಸ್ಕ್ರಿಪ್ಟ್ ಓಡುತ್ತಿತ್ತು. ಶುರುವಾಗಿ ಆಗಲೇ 40 ನಿಮಿಷ ಕಳೆದಿತ್ತು. ನಡುವೆ ಒಂದು ಎಚ್ಚರಿಕೆಯ ಸಾಲು ಕಾಣಿಸಿತು. ಅದನ್ನು ಟೀಮಿಗೆ ಕಳಿಸೋಣ ಅಂತ ಮೌಸ್‌ನಿಂದ ಸೆಲೆಕ್ಟ್ ಮಾಡಿ ಕಂಟ್ರೋಲ್+ಸಿ ಒತ್ತಿದೆ. ಪರದೆಯಲ್ಲಿ `^C` ಅಂತ ಮೂಡಿತು. ಸ್ಕ್ರಿಪ್ಟ್ ಅಲ್ಲಿಗೇ ನಿಂತಿತು. ಇಡೀ ಕೆಲಸ ಮತ್ತೆ ಮೊದಲಿಂದ!

ಪಕ್ಕದ ಸೀಟಿನವನು ಇಣುಕಿ ನೋಡಿ ನಕ್ಕ. "ಗುರು, ಮ್ಯಾಕಲ್ಲಿ ಕಾಪಿಗೆ ಕಮಾಂಡ್. ಕಂಟ್ರೋಲ್+ಸಿ ಅಂದ್ರೆ ನಿಲ್ಲಿಸು ಅಂತ."

ನನ್ನ ತಪ್ಪಿಗೆ ಒಂದು ಕಾರಣವಿತ್ತು. ವಿಂಡೋಸ್ ಟರ್ಮಿನಲ್‌ನಲ್ಲಿ ಕಂಟ್ರೋಲ್+ಸಿಗೆ ಎರಡು ಕೆಲಸ. ಅಕ್ಷರಗಳು ಸೆಲೆಕ್ಟ್ ಆಗಿದ್ದರೆ ಕಾಪಿ ಮಾಡುತ್ತದೆ, ಇಲ್ಲದಿದ್ದರೆ ಓಡುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುತ್ತದೆ. ಮ್ಯಾಕ್‌ನಲ್ಲಿ ಈ ಎರಡು ಕೆಲಸಗಳಿಗೆ ಬೇರೆ ಬೇರೆ ಕೀಲಿಗಳಿವೆ. ಏನೇ ಸೆಲೆಕ್ಟ್ ಮಾಡಿರಿ, ಟರ್ಮಿನಲ್‌ನಲ್ಲಿ ಕಂಟ್ರೋಲ್+ಸಿ ನಿಲ್ಲಿಸುವುದಕ್ಕೇ.

ಇದಕ್ಕೊಂದು ಇತಿಹಾಸವೂ ಇದೆ. 1984ರ ಮೊದಲ ಮ್ಯಾಕಿಂಟಾಷ್ ಕೀಬೋರ್ಡಿನಲ್ಲಿ ಕಂಟ್ರೋಲ್ ಕೀಲಿಯೇ ಇರಲಿಲ್ಲ. ಕಾಪಿ, ಪೇಸ್ಟ್ ಎಲ್ಲ ಕಮಾಂಡ್ ಪಾಲಾದವು. ಕಂಟ್ರೋಲ್ ಆಮೇಲೆ ಬಂತು. ಹಾಗಾಗಿ ಯೂನಿಕ್ಸ್ ಕಾಲದ ಹಳೇ ಕೆಲಸಗಳಿಗೆ ಅದು ಆರಾಮಾಗಿ ಖಾಲಿ ಉಳಿಯಿತು. ವಿಂಡೋಸ್‌ನಲ್ಲಿ ಎರಡೂ ಹೊರೆ ಒಂದೇ ಕೀಲಿಯ ಮೇಲೆ ಬಿತ್ತು.

ಸ್ಕ್ರಿಪ್ಟ್ ನಿಂತರೆ ಕಣ್ಣಿಗೆ ಕಾಣುತ್ತದೆ. ಸದ್ದಿಲ್ಲದ ತಪ್ಪುಗಳೂ ಇವೆ. ಮ್ಯಾಕ್‌ನಲ್ಲಿ ಎಲ್ಲವನ್ನೂ ಸೆಲೆಕ್ಟ್ ಮಾಡೋಣ ಅಂತ ಕಂಟ್ರೋಲ್+ಎ ಒತ್ತಿದರೆ ಕರ್ಸರ್ ಸಾಲಿನ ಮೊದಲಿಗೆ ಹೋಗುತ್ತದೆ ಅಷ್ಟೇ. ಒಂದೊಂದೇ ಪದ ದಾಟಲು ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದರೆ, ಎರಡನೇ ಡೆಸ್ಕ್‌ಟಾಪ್ ತೆರೆದಿದ್ದವರಿಗೆ ಇಡೀ ಪರದೆಯೇ ಪಕ್ಕಕ್ಕೆ ಜಾರುತ್ತದೆ. ಪದ ದಾಟಲು ಅಲ್ಲಿ ಆಪ್ಷನ್+ಬಾಣ, ಸಾಲಿನ ತುದಿಗೆ ಕಮಾಂಡ್+ಬಾಣ.

ಮೊದಲು ಸುಲಭದ ದಾರಿ ಹಿಡಿದೆ. System Settings ಒಳಗೆ Keyboard, ಅದರಲ್ಲಿ Keyboard Shortcuts, ಕೊನೆಗೆ Modifier Keys. ಅಲ್ಲಿ ಕಂಟ್ರೋಲ್ ಮತ್ತು ಕಮಾಂಡ್ ಅದಲುಬದಲು ಮಾಡಿದೆ. ಕಾಪಿ-ಪೇಸ್ಟ್ ಹಳೆಯ ಜಾಗಕ್ಕೆ ಬಂತು. ಆದರೆ ಆ್ಯಪ್ ಬದಲಿಸುವ ಕಮಾಂಡ್+ಟ್ಯಾಬ್ ಕಿರುಬೆರಳಿಗೆ ಹೋಯಿತು. ವಿಂಡೋಸ್‌ನ ಆಲ್ಟ್+ಟ್ಯಾಬ್ ಹೆಚ್ಚುಕಡಿಮೆ ಅದೇ ಜಾಗದಲ್ಲಿರುವುದರಿಂದ, ಹಾಳಾಗದೆ ಉಳಿದಿದ್ದ ಒಂದೇ ಅಭ್ಯಾಸವೂ ಕೆಟ್ಟಿತು. ಸ್ಕ್ರಿಪ್ಟ್ ನಿಲ್ಲಿಸಲು ಈಗ ಕಮಾಂಡ್ ಅಂತ ಬರೆದ ಕೀಲಿ ಒತ್ತಬೇಕು. ಬೇರೆಯವರ ಮ್ಯಾಕ್ ಮುಟ್ಟಿದರಂತೂ ಪೂರ್ತಿ ಗೊಂದಲ. ಎರಡೇ ದಿನಕ್ಕೆ ಎಲ್ಲ ವಾಪಸ್ ಹಾಕಿದೆ.

ಆಮೇಲೆ ಕೆಲಸಕ್ಕೆ ಬಂದದ್ದು ಬೆರಳು ಬದಲಿಸುವುದು. ವಿಂಡೋಸ್‌ನಲ್ಲಿ ಕಂಟ್ರೋಲ್‌ಗೆ ಎಡಗೈ ಕಿರುಬೆರಳು. ಮ್ಯಾಕ್‌ನಲ್ಲಿ ಸ್ಪೇಸ್ ಬಾರ್ ಪಕ್ಕದ ಕಮಾಂಡ್‌ಗೆ ಎಡಗೈ ಹೆಬ್ಬೆರಳು. "ಕಾಪಿಗೆ ಯಾವ ಕೀಲಿ" ಅಂತ ಯೋಚಿಸುವುದು ಬಿಟ್ಟು, "ಇದು ಹೆಬ್ಬೆರಳ ಮೆಷಿನ್" ಅಂತ ನೆನಪಿಟ್ಟುಕೊಂಡೆ. ಮೂರು ವಾರಕ್ಕೆ ಕೈ ಪಳಗಿತು.

ಪಳಗಿದ ಮೇಲೆ ತೊಂದರೆ ಮನೆಗೆ ಬಂತು. ಮನೆಯಲ್ಲಿರುವುದು ವಿಂಡೋಸ್. ಹೆಬ್ಬೆರಳು ಹೋಗಿ ಬೀಳುವ ಜಾಗದಲ್ಲಿ ಅಲ್ಲಿ ಆಲ್ಟ್ ಇದೆ. ಅಪ್ಪನ ಬ್ಯಾಂಕ್ ಫಾರ್ಮ್ ತುಂಬುವಾಗ ಖಾತೆ ಸಂಖ್ಯೆ ಕಾಪಿ ಮಾಡಿದೆ ಅಂದುಕೊಂಡೆ. ಒತ್ತಿದ್ದು ಆಲ್ಟ್+ಸಿ, ಏನೂ ಕಾಪಿ ಆಗಿರಲಿಲ್ಲ. ಪೇಸ್ಟ್ ಮಾತ್ರ ಸರಿಯಾಗಿ ಕಂಟ್ರೋಲ್+ವಿ ಒತ್ತಿದ್ದೆ. ಅದಕ್ಕೂ ಮೊದಲು ಕಾಪಿ ಮಾಡಿದ್ದ ಫೋನ್ ನಂಬರ್ ಬಂದು ಕೂತಿತು. "ಏನೋ ಇದು, ನಿನ್ನ ನಂಬರ್ ಹಾಕಿದೀಯಲ್ಲೋ" ಅಂತ ಅಪ್ಪ ನೋಡಿ ಹೇಳಿದ್ದಕ್ಕೆ ಬಚಾವಾದೆ. ಈಗ ಮನೆಯ ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಉಚಿತ PowerToys ಹಾಕಿ, ಅದರ Keyboard Manager ಒಳಗೆ ಆಲ್ಟ್+ಸಿ, ಆಲ್ಟ್+ವಿಗಳನ್ನು ಕಂಟ್ರೋಲ್+ಸಿ, ಕಂಟ್ರೋಲ್+ವಿ ಆಗಿಸಿದ್ದೇನೆ. ಆಲ್ಟ್ ಕೀಲಿಯನ್ನೇ ಪೂರ್ತಿ ಬದಲಿಸಲಿಲ್ಲ, ಬದಲಿಸಿದರೆ ಆಲ್ಟ್+ಟ್ಯಾಬ್ ಹೋಗುತ್ತದೆ.

ಆಫೀಸಿನ ಮ್ಯಾಕ್‌ಗೆ ವಿಂಡೋಸ್ ಕೀಬೋರ್ಡ್ ಸಿಕ್ಕಿಸುವವರಿಗೆ ಇನ್ನೊಂದು ಮಾತು. ಆಗ ವಿಂಡೋಸ್ ಕೀಲಿ ಕಮಾಂಡ್ ಆಗುತ್ತದೆ, ಆಲ್ಟ್ ಆಪ್ಷನ್ ಆಗುತ್ತದೆ. ಅಂದರೆ ಎರಡೂ ಉಲ್ಟಾ ಜಾಗದಲ್ಲಿ. ಅದೇ Modifier Keys ಪರದೆಯಲ್ಲಿ ಮೇಲುಗಡೆ ಆ ಕೀಬೋರ್ಡನ್ನು ಆರಿಸಿ, ಇವೆರಡನ್ನು ಅದಲುಬದಲು ಮಾಡಿ. ಲ್ಯಾಪ್‌ಟಾಪಿನದ್ದೇ ಕೀಬೋರ್ಡ್ ಇದ್ದ ಹಾಗೇ ಇರುತ್ತದೆ, ಹೆಬ್ಬೆರಳಿಗೆ ಎರಡರಲ್ಲೂ ಒಂದೇ ಜಾಗ.

ಒಂದು ಭಯ ಮಾತ್ರ ಇನ್ನೂ ಹೋಗಿಲ್ಲ. ಸ್ಕ್ರಿಪ್ಟ್ ಓಡುತ್ತಿರುವಾಗ ನಾನು ಈಗಲೂ ಮೌಸ್‌ನ ಬಲಗುಂಡಿ ಒತ್ತಿ, ಮೆನುವಿನಿಂದಲೇ ಕಾಪಿ ಮಾಡೋದು.