ಹೆಪ್ಪುಗಟ್ಟದ ರಕ್ತ: ಹಿಮೋಫಿಲಿಯಾ ಗಂಡುಮಕ್ಕಳನ್ನೇ ಕಾಡುವುದೇಕೆ?

ಹಿಮೋಫಿಲಿಯಾ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ಬರುವ ಕೊರತೆ. ಕನ್ನಡದಲ್ಲಿ ಇದನ್ನು ಕುಸುಮ ರೋಗವೆಂದೂ ಕರೆಯುವುದುಂಟು. ಗಾಯವಾದಾಗ ಮೊದಲು ಪ್ಲೇಟ್‌ಲೆಟ್ ಕಣಗಳು ಬಂದು ಸೀಳಿದ ಜಾಗದಲ್ಲಿ ಗುಂಪುಗೂಡುತ್ತವೆ. ಆಮೇಲೆ ರಕ್ತದಲ್ಲಿರುವ ಹಲವು ಪ್ರೋಟೀನುಗಳು ಒಂದು ಇನ್ನೊಂದನ್ನು ಚುರುಕುಗೊಳಿಸುತ್ತ ಹೋಗಿ ಕೊನೆಗೆ ಫೈಬ್ರಿನ್ ಎಂಬ ಎಳೆಗಳ ಬಲೆಯನ್ನು ಕಟ್ಟುತ್ತವೆ. ಪ್ಲೇಟ್‌ಲೆಟ್‌ಗಳು ಗೋಡೆಯ ಇಟ್ಟಿಗೆಯಾದರೆ ಫೈಬ್ರಿನ್ ಅವುಗಳ ನಡುವಿನ ಗಾರೆ. ಈ ಪ್ರೋಟೀನುಗಳಿಗೆ ವೈದ್ಯರು ಫ್ಯಾಕ್ಟರ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. ಫ್ಯಾಕ್ಟರ್ 8 ಕಡಿಮೆಯಿದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕಡಿಮೆಯಿದ್ದರೆ ಹಿಮೋಫಿಲಿಯಾ ಬಿ. ಹುಟ್ಟುವ ಸುಮಾರು 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಎ ಬಗೆಯದು ಇರುತ್ತದೆ. ಬಿ ಅದಕ್ಕಿಂತ ಹಲವು ಪಟ್ಟು ಅಪರೂಪ.

ಸೂಜಿ ಚುಚ್ಚಿದರೂ ರಕ್ತ ಹರಿದು ಪ್ರಾಣ ಹೋಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಪ್ಲೇಟ್‌ಲೆಟ್‌ಗಳು ಸರಿಯಾಗಿಯೇ ಇರುವುದರಿಂದ ಸಣ್ಣ ಗೀರುಗಾಯದ ರಕ್ತ ಎಲ್ಲರಂತೆಯೇ ನಿಲ್ಲುತ್ತದೆ. ತೊಂದರೆ ಇರುವುದು ಆಳದಲ್ಲಿ. ಮಂಡಿ, ಮೊಣಕೈ, ಕಣಕಾಲಿನ ಕೀಲುಗಳೊಳಗೆ, ದೊಡ್ಡ ಸ್ನಾಯುಗಳಲ್ಲಿ, ಕೆಲವೊಮ್ಮೆ ಮಿದುಳಿನಲ್ಲಿ ರಕ್ತ ಜಿನುಗಲು ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಫ್ಯಾಕ್ಟರ್ ಪ್ರಮಾಣ ಸಹಜದ ಶೇ. 1ಕ್ಕಿಂತ ಕಡಿಮೆಯಿದ್ದರೆ ಅದು ತೀವ್ರ ಹಿಮೋಫಿಲಿಯಾ. ಅಂಥ ಮಗುವಿಗೆ ಏಟು ಬೀಳದೆಯೂ ಕೀಲಿನಲ್ಲಿ ರಕ್ತಸ್ರಾವವಾಗಬಹುದು. ಶೇ. 1ರಿಂದ 5ರವರೆಗೆ ಇದ್ದರೆ ಮಧ್ಯಮ. ಅದಕ್ಕೂ ಮೇಲೆ ಶೇ. 40ರೊಳಗೆ ಇದ್ದರೆ ಸೌಮ್ಯ. ಅಂಥವರಲ್ಲಿ ಹಲ್ಲು ಕೀಳಿಸುವಾಗಲೋ ಶಸ್ತ್ರಚಿಕಿತ್ಸೆಯ ಹೊತ್ತಿಗೋ ಮೊದಲ ಸಲ ರೋಗ ಗೊತ್ತಾಗುವುದೂ ಇದೆ.

ಫ್ಯಾಕ್ಟರ್ 8 ಮತ್ತು 9 ಎರಡನ್ನೂ ತಯಾರಿಸಲು ಬೇಕಾದ ಜೀನುಗಳು ಎಕ್ಸ್ ವರ್ಣತಂತುವಿನ ಮೇಲಿವೆ. ಗಂಡುಮಕ್ಕಳನ್ನೇ ಈ ರೋಗ ಹೆಚ್ಚಾಗಿ ಕಾಡುವುದಕ್ಕೆ ಕಾರಣ ಇದೇ. ಹೆಣ್ಣಿಗೆ ಎರಡು ಎಕ್ಸ್ ಇರುತ್ತವೆ, ಗಂಡಿಗೆ ಒಂದು ಎಕ್ಸ್ ಮತ್ತು ಒಂದು ವೈ. ಹೆಣ್ಣಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೂ ಇನ್ನೊಂದರಲ್ಲಿರುವ ಸರಿಯಾದ ಜೀನು ಸಾಮಾನ್ಯವಾಗಿ ಬೇಕಾದಷ್ಟು ಫ್ಯಾಕ್ಟರ್ ತಯಾರಿಸಿಕೊಡುತ್ತದೆ. ಗಂಡಿನಲ್ಲಿರುವುದೇ ಒಂದು ಎಕ್ಸ್. ವೈ ವರ್ಣತಂತುವಿನಲ್ಲಿ ಈ ಜೀನಿನ ಪ್ರತಿ ಇಲ್ಲ. ಆ ಒಂದೇ ಎಕ್ಸ್ ಕೆಟ್ಟಿದ್ದರೆ ಕೊರತೆ ತುಂಬಲು ಬೇರೆ ದಾರಿಯಿಲ್ಲ.

ಮಗನಿಗೆ ವೈ ಬರುವುದು ತಂದೆಯಿಂದ, ಎಕ್ಸ್ ಬರುವುದು ತಾಯಿಯಿಂದ. ಆದ್ದರಿಂದ ಹಿಮೋಫಿಲಿಯಾ ಇರುವ ತಂದೆ ಅದನ್ನು ಮಗನಿಗೆ ದಾಟಿಸಲಾರ. ಆದರೆ ಅವನ ಪ್ರತಿಯೊಬ್ಬ ಮಗಳಿಗೂ ದೋಷವಿರುವ ಅವನ ಎಕ್ಸ್ ಸಿಕ್ಕೇ ಸಿಗುತ್ತದೆ, ಅವಳು ವಾಹಕಿಯಾಗುತ್ತಾಳೆ. ವಾಹಕಿಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ರೋಗ ಬರುವ ಸಂಭವ ಅರ್ಧ, ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಂಭವವೂ ಅರ್ಧ. ಈ ಲೆಕ್ಕ ಪ್ರತಿ ಬಸಿರಿಗೂ ಹೊಸದಾಗಿ ಅನ್ವಯಿಸುತ್ತದೆ. ಮೊದಲ ಮಗನಿಗೆ ರೋಗ ಬಂದಿದ್ದರೆ ಎರಡನೆಯವನು ಪಾರಾದಂತೆ ಎಂದು ತಿಳಿಯುವಂತಿಲ್ಲ.

ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ಮನೆತನದಲ್ಲಿ ಈ ನಿಯಮವನ್ನು ತಲೆಮಾರುಗಳ ಉದ್ದಕ್ಕೂ ಕಾಣಬಹುದು. ಅವಳ ನಾಲ್ವರು ಗಂಡುಮಕ್ಕಳಲ್ಲಿ ಲಿಯೋಪೋಲ್ಡ್ ಒಬ್ಬನಿಗೆ ರೋಗವಿತ್ತು. 1884ರಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ಜಾರಿಬಿದ್ದ ಅವನು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ವಯಸ್ಸು 30. ಅವನಿಗೆ ಒಬ್ಬ ಮಗಳು, ಒಬ್ಬ ಮಗ. ಮಗ ಚಾರ್ಲ್ಸ್ ಎಡ್ವರ್ಡ್‌ಗೆ ತಂದೆಯಿಂದ ಬಂದದ್ದು ವೈ, ಹಾಗಾಗಿ ಅವನಿಗೆ ರೋಗ ಬರಲಿಲ್ಲ. ಮಗಳು ಆಲಿಸ್‌ಗೆ ತಂದೆಯ ಎಕ್ಸ್ ಬಂತು. ಅವಳು 97ನೆಯ ವಯಸ್ಸಿನಲ್ಲಿ 1981ರಲ್ಲಿ ತೀರಿಕೊಂಡಳು. ಆದರೆ ಅವಳ ಮಗ ರೂಪರ್ಟ್ ರೋಗದೊಂದಿಗೇ ಹುಟ್ಟಿದ್ದ, 1928ರಲ್ಲಿ ಕಾರು ಅಪಘಾತದ ಬಳಿಕ ಎಳೆಯ ಪ್ರಾಯದಲ್ಲೇ ಸತ್ತ. ತಾತನ ರೋಗ ಮಗಳ ಮೂಲಕ ಮೊಮ್ಮಗನನ್ನು ತಲುಪಿತ್ತು. ವಿಕ್ಟೋರಿಯಾಳ ಮಗಳು ಇನ್ನೊಬ್ಬ ಆಲಿಸ್, ಆಕೆಯ ಮಗಳು ಅಲೆಕ್ಸಾಂಡ್ರಾ ಮೂಲಕ ಇದೇ ದೋಷ ರಷ್ಯಾದ ಯುವರಾಜ ಅಲೆಕ್ಸಿಯವರೆಗೆ ಹೋಯಿತು. ರಷ್ಯಾದ ರಾಜಕುಟುಂಬದ ಮೂಳೆಗಳ ಡಿಎನ್ಎ ಪರೀಕ್ಷಿಸಿದ ವಿಜ್ಞಾನಿಗಳು ಅದು ಹಿಮೋಫಿಲಿಯಾ ಬಿ ಎಂದು 2009ರಲ್ಲಿ ತೋರಿಸಿದರು.

ವಿಕ್ಟೋರಿಯಾಳ ಹಿಂದಿನವರಲ್ಲಿ ಈ ರೋಗವಿದ್ದ ಕುರುಹು ಸಿಕ್ಕಿಲ್ಲ. ಜೀನಿನಲ್ಲಿ ಬದಲಾವಣೆ ಹೊಸದಾಗಿಯೂ ಉಂಟಾಗಬಹುದು. ಇಂದಿಗೂ ಸುಮಾರು ಮೂರರಲ್ಲಿ ಒಂದು ಭಾಗ ರೋಗಿಗಳ ಮನೆತನದಲ್ಲಿ ಮೊದಲು ಯಾರಿಗೂ ಈ ರೋಗ ಇದ್ದಿರುವುದಿಲ್ಲ. 'ನಮ್ಮ ವಂಶದಲ್ಲಿ ಇಂಥದ್ದು ಇಲ್ಲ' ಎಂಬ ಕಾರಣಕ್ಕೆ ಪರೀಕ್ಷೆಯನ್ನು ಕೈಬಿಡಬಾರದು ಎನ್ನುವುದು ಅದಕ್ಕೇ.

ರಕ್ತಸಂಬಂಧದ ಮದುವೆಯಿಂದಲೇ ಹಿಮೋಫಿಲಿಯಾ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ವಾಹಕಿಯಾದ ತಾಯಿ ಯಾರನ್ನು ಮದುವೆಯಾದರೂ ಗಂಡುಮಕ್ಕಳಿಗಿರುವ ಅಪಾಯ ಅಷ್ಟೇ. ಆದರೆ ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯಿರುವ ಕರ್ನಾಟಕದಲ್ಲಿ ಇನ್ನೊಂದು ಸಾಧ್ಯತೆಯನ್ನು ಗಮನಿಸಬೇಕು. ರೋಗವಿರುವ ಒಬ್ಬ ಗಂಡಸಿಗೆ ದೋಷ ಬಂದದ್ದು ವಾಹಕಿಯಾದ ತಾಯಿಯಿಂದ ಎನ್ನೋಣ. ಅವನ ಅಕ್ಕ ವಾಹಕಿಯಾಗಿರುವ ಸಂಭವ ಅರ್ಧ, ಅಕ್ಕನ ಮಗಳು ವಾಹಕಿಯಾಗಿರುವ ಸಂಭವ ನಾಲ್ಕರಲ್ಲಿ ಒಂದು. ಅವಳನ್ನೇ ಅವನು ಮದುವೆಯಾದರೆ ಹುಟ್ಟುವ ಪ್ರತಿ ಹೆಣ್ಣುಮಗುವಿಗೂ ತಂದೆಯ ಕೆಟ್ಟ ಎಕ್ಸ್ ಖಚಿತ. ತಾಯಿಯಿಂದಲೂ ಅಂಥದ್ದೇ ಬರುವ ಸಂಭವ ಎಂಟರಲ್ಲಿ ಒಂದು. ಎರಡೂ ಕೂಡಿದರೆ ಹೆಣ್ಣಿಗೂ ಗಂಡಿನಷ್ಟೇ ತೀವ್ರವಾಗಿ ರೋಗ ಬರುತ್ತದೆ.

ವಾಹಕಿಯರೆಲ್ಲರೂ ಪೂರ್ತಿ ಆರೋಗ್ಯವಂತರೇ ಎಂದೂ ಹೇಳಲಾಗದು. ಹೆಣ್ಣಿನ ಪ್ರತಿ ಜೀವಕೋಶದಲ್ಲಿ ಎರಡು ಎಕ್ಸ್‌ಗಳ ಪೈಕಿ ಒಂದು ಸುಪ್ತವಾಗಿರುತ್ತದೆ. ಯಾವುದು ಸುಪ್ತವಾಗುತ್ತದೆ ಎಂಬುದು ಭ್ರೂಣದ ಹಂತದಲ್ಲೇ ಯಾದೃಚ್ಛಿಕವಾಗಿ ತೀರ್ಮಾನವಾಗುತ್ತದೆ. ಹೆಚ್ಚು ಕೋಶಗಳಲ್ಲಿ ಸರಿಯಾದ ಎಕ್ಸ್ ಸುಪ್ತವಾಗಿಬಿಟ್ಟರೆ ಫ್ಯಾಕ್ಟರ್ ಪ್ರಮಾಣ ಇಳಿದು, ಮುಟ್ಟಿನಲ್ಲಿ ಅತಿಸ್ರಾವ, ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ರೋಗವಿರುವ ಹುಡುಗನ ತಾಯಿ ಮತ್ತು ಅಕ್ಕತಂಗಿಯರ ಫ್ಯಾಕ್ಟರ್ ಪ್ರಮಾಣವನ್ನೂ ಅಳೆಯಬೇಕಾದದ್ದು ಇದಕ್ಕಾಗಿ. ಅವರು ವಾಹಕಿಯರೇ ಅಲ್ಲವೇ ಎಂಬುದನ್ನು ಖಚಿತಪಡಿಸಲು ಮಾತ್ರ ಜೀನ್ ಪರೀಕ್ಷೆಯೇ ಬೇಕು.

ಚಿಕಿತ್ಸೆಯ ತಿರುಳು ಸರಳ: ಯಾವ ಫ್ಯಾಕ್ಟರ್ ಇಲ್ಲವೋ ಅದನ್ನು ಹೊರಗಿನಿಂದ ರಕ್ತಕ್ಕೆ ಸೇರಿಸುವುದು. ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿ ವೈರಸ್‌ಗಳನ್ನು ನಾಶಮಾಡಿದ ಫ್ಯಾಕ್ಟರ್ ಒಂದು ಬಗೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ತಯಾರಿಸಿದ್ದು ಇನ್ನೊಂದು. 1980ರ ದಶಕದಲ್ಲಿ ಸೋಂಕು ತಗುಲಿದ ಪ್ಲಾಸ್ಮಾದಿಂದ ಸಾವಿರಾರು ರೋಗಿಗಳಿಗೆ ಎಚ್ಐವಿ ಹರಡಿದ ಮೇಲೆ ವೈರಸ್ ನಾಶಮಾಡುವ ವಿಧಾನಗಳು ಬಿಗಿಯಾದವು. ಔಷಧ ಬಿಳಿ ಪುಡಿಯ ರೂಪದಲ್ಲಿ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಜೊತೆಗೆ ಕೊಟ್ಟ ಶುದ್ಧ ನೀರನ್ನು ಅದಕ್ಕೆ ಸೇರಿಸಿ, ಕುಲುಕದೆ ಮೆಲ್ಲಗೆ ತಿರುಗಿಸಿ ಕರಗಿಸಬೇಕು. ನಂತರ ಅದನ್ನು ರಕ್ತನಾಳಕ್ಕೆ ನಿಧಾನವಾಗಿ ಕೊಡುತ್ತಾರೆ.

ಎಷ್ಟು ಕೊಡಬೇಕೆಂಬುದಕ್ಕೆ ಲೆಕ್ಕವಿದೆ. ದೇಹದ ಪ್ರತಿ ಕಿಲೋ ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಪ್ರಮಾಣ ಸುಮಾರು ಶೇ. 2ರಷ್ಟು ಏರುತ್ತದೆ. ತೀವ್ರ ಹಿಮೋಫಿಲಿಯಾ ಎ ಇರುವ, 20 ಕಿಲೋ ತೂಗುವ ಹುಡುಗನ ಮಂಡಿಯೊಳಗೆ ರಕ್ತಸ್ರಾವ ಶುರುವಾಗಿದೆ ಎನ್ನೋಣ. ಅದು ನಿಲ್ಲಲು ಶೇ. 40ರಷ್ಟಾದರೂ ಫ್ಯಾಕ್ಟರ್ ಬೇಕೆಂದು ವೈದ್ಯರು ಗುರಿಯಿಟ್ಟರೆ, 20ನ್ನು 40ರಿಂದ ಗುಣಿಸಿ ಎರಡರಿಂದ ಭಾಗಿಸಬೇಕು: 400 ಯೂನಿಟ್. ಬಾಟಲಿಗಳು 250, 500 ಯೂನಿಟ್‌ಗಳಲ್ಲಿ ಸಿಗುವುದರಿಂದ, ದುಬಾರಿ ಔಷಧವನ್ನು ಚೆಲ್ಲದೆ 500ರ ಬಾಟಲಿಯನ್ನು ಪೂರ್ತಿ ಕೊಡುತ್ತಾರೆ. ಆಗ ಪ್ರಮಾಣ ಶೇ. 50ರ ಹತ್ತಿರ ಹೋಗುತ್ತದೆ. ಫ್ಯಾಕ್ಟರ್ 8 ಸುಮಾರು 8ರಿಂದ 12 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. 12 ಗಂಟೆಯೆಂದು ಹಿಡಿದರೂ ಮರುದಿನ ಅದೇ ಹೊತ್ತಿಗೆ ಉಳಿಯುವುದು ಶೇ. 12ರ ಆಸುಪಾಸು. ನೋವು, ಬಾವು ಇಳಿಯದಿದ್ದರೆ ಇನ್ನೊಂದು ಡೋಸ್ ಬೇಕಾಗುತ್ತದೆ. ತಲೆಗೆ ಪೆಟ್ಟು ಬಿದ್ದಿದ್ದರೆ ಗುರಿ ಶೇ. 80ರಿಂದ 100ಕ್ಕೆ ಏರುತ್ತದೆ. ಸ್ಕ್ಯಾನ್‌ಗೂ ಕಾಯದೆ ಮೊದಲು ಫ್ಯಾಕ್ಟರ್ ಕೊಡಬೇಕು. ಹಿಮೋಫಿಲಿಯಾ ಬಿ ಆಗಿದ್ದರೆ ಲೆಕ್ಕ ಬೇರೆ: ಫ್ಯಾಕ್ಟರ್ 9ರ 1 ಯೂನಿಟ್‌ಗೆ ಏರುವುದು ಸುಮಾರು ಶೇ. 1 ಮಾತ್ರ, ಆದರೆ ಅದು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಎ ಬಗೆಯವರ ಔಷಧ ಬಿ ಬಗೆಯವರಿಗೆ ಉಪಯೋಗಕ್ಕೆ ಬರುವುದಿಲ್ಲ.

ಫ್ಯಾಕ್ಟರ್ ಎಷ್ಟು ಬೇಗ ಸಿಗುತ್ತದೆ ಎಂಬುದು ಕೀಲಿನ ಭವಿಷ್ಯವನ್ನು ತೀರ್ಮಾನಿಸುತ್ತದೆ. ಬಾವು ಕಾಣುವ ಮೊದಲೇ ಕೀಲು ಜುಮ್ಮೆನ್ನುತ್ತದೆ, ಬಿಗಿದಂತಾಗುತ್ತದೆ ಎಂದು ಅನುಭವವಿರುವ ಹುಡುಗರು ಹೇಳುತ್ತಾರೆ; ಫ್ಯಾಕ್ಟರ್ ಕೊಡಬೇಕಾದದ್ದು ಆಗಲೇ. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ರಕ್ತಸ್ರಾವವನ್ನು ಹೆಚ್ಚಿಸಬಹುದು. ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕೆಡಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಸ್ನಾಯುವಿಗೆ ಚುಚ್ಚುಮದ್ದು ಕೊಡಿಸಬಾರದು. ಒಂದೇ ಕೀಲಿನಲ್ಲಿ ಮತ್ತೆ ಮತ್ತೆ ರಕ್ತ ತುಂಬಿದರೆ ಒಳಪೊರೆ ದಪ್ಪವಾಗಿ, ಮೃದ್ವಸ್ಥಿ ಸವೆದು ಕಾಲು ಮಡಚಿದಲ್ಲೇ ಬಿಗಿದುಕೊಳ್ಳುತ್ತದೆ. ಆದ್ದರಿಂದಲೇ ತೀವ್ರ ರೋಗವಿರುವ ಮಕ್ಕಳಿಗೆ ರಕ್ತಸ್ರಾವಕ್ಕೆ ಕಾಯದೆ, ಫ್ಯಾಕ್ಟರ್ 8 ಆದರೆ ವಾರಕ್ಕೆ ಮೂರು ಸಲ, 9 ಆದರೆ ಎರಡು ಸಲ ಮುಂಜಾಗ್ರತೆಯಾಗಿ ಕೊಡುವ ಪದ್ಧತಿಯಿದೆ.

ಈ ಚಿಕಿತ್ಸೆಯ ದೊಡ್ಡ ತೊಡಕು ದೇಹದ ರೋಗನಿರೋಧಕ ಶಕ್ತಿಯದೇ. ಹುಟ್ಟಿನಿಂದ ಕಾಣದ ಪ್ರೋಟೀನನ್ನು ದೇಹ ಪರಕೀಯವೆಂದು ಬಗೆದು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಇವಕ್ಕೆ ಇನ್‌ಹಿಬಿಟರ್ ಎನ್ನುತ್ತಾರೆ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಶೇ. 30ರವರೆಗೆ ಜನರಿಗೆ, ಹೆಚ್ಚಾಗಿ ಮೊದಲ ಕೆಲವು ಡೋಸ್‌ಗಳ ಅವಧಿಯಲ್ಲಿ, ಇವು ಹುಟ್ಟಿಕೊಳ್ಳುತ್ತವೆ. ಮೊದಲು ರಕ್ತ ನಿಲ್ಲಿಸುತ್ತಿದ್ದ ಡೋಸ್ ಈಗ ನಾಟುತ್ತಿಲ್ಲವೆಂದರೆ ಅದೇ ಸುಳಿವು. ರಕ್ತಪರೀಕ್ಷೆಯಿಂದ ಅದನ್ನು ದೃಢಪಡಿಸಿಕೊಳ್ಳಬಹುದು. ಅಂಥವರಿಗೆ ಫ್ಯಾಕ್ಟರ್ 8ರ ಹಂತವನ್ನು ಬಳಸಿಕೊಂಡು ಮುಂದೆ ಹೋಗುವ ಬೇರೆ ಔಷಧಗಳು ಬೇಕು. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಮಿಸಿಜುಮ್ಯಾಬ್ ಫ್ಯಾಕ್ಟರ್ 8 ಮಾಡುವ ಕೆಲಸವನ್ನು ತಾನೇ ಮಾಡುತ್ತದೆ: ಫ್ಯಾಕ್ಟರ್ 9 ಮತ್ತು 10ನ್ನು ಹಿಡಿದು ಹತ್ತಿರ ತರುತ್ತದೆ. ಚರ್ಮದಡಿ ಕೊಟ್ಟರೆ ಸಾಕು, ಇನ್‌ಹಿಬಿಟರ್ ಇದ್ದರೂ ಫಲ ಕೊಡುತ್ತದೆ. ಆದರೆ ಇದು ರಕ್ತಸ್ರಾವವನ್ನು ತಡೆಯಲು ಕೊಡುವ ಔಷಧ. ಶುರುವಾದ ರಕ್ತವನ್ನು ನಿಲ್ಲಿಸಲು ಫ್ಯಾಕ್ಟರ್ 8, ಇನ್‌ಹಿಬಿಟರ್ ಇದ್ದವರಿಗೆ ಬದಲಿ ಔಷಧ, ಇವತ್ತಿಗೂ ಬೇಕೇ ಬೇಕು.