ಠರಾವಿನಲ್ಲಿ ಬರೆದ ಮೊತ್ತ

‘ಗೋದಾಮಿನ ಮೇಲ್ಛಾವಣಿ ದುರಸ್ತಿಗೆ 85,000 ಮಂಜೂರು ಮಾಡಲಾಯಿತು.’ ಒಂದು ಸಹಕಾರ ಸಂಘದ ನಡವಳಿ ಪುಸ್ತಕದಲ್ಲಿ ಹೀಗೊಂದು ಸಾಲು ಇದೆಯೆಂದುಕೊಳ್ಳೋಣ. ಸಭೆಯಲ್ಲಿ ಕೂತವರಿಗೆಲ್ಲ ವಿಷಯ ಸ್ಪಷ್ಟ. ಆದರೆ ವರ್ಷ ಕಳೆದು ಲೆಕ್ಕಪರಿಶೋಧಕರು ಬಂದಾಗ ಆ ಸಾಲು ಅವರ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ.

ಮೊದಲಿಗೆ, ಅಂಕಿಯ ಎಡಗಡೆ ಖಾಲಿ ಜಾಗವಿದೆ. ಅಲ್ಲೊಂದು 1 ಸೇರಿಸಿದರೆ 185,000 ಆಗುತ್ತದೆ. ತಿದ್ದಿದವರು ಸಿಕ್ಕಿಬೀಳುವುದೂ ಹಲವು ಸಲ ಇಲ್ಲೇ: ನಮ್ಮ ಕ್ರಮದಲ್ಲಿ ಅದು 1,85,000 ಆಗಬೇಕಿತ್ತು, ಲಕ್ಷದ ಅಲ್ಪವಿರಾಮ ಕಾಣೆಯಾಗಿದೆ. ‘ರೂ.’ ಎಂಬುದನ್ನು ಅಂಕಿಗೆ ಅಂಟಿಸಿ, ಕೊನೆಗೆ ‘/-’ ಹಾಕಿದರೆ ಎರಡೂ ಬದಿಯ ಬಾಗಿಲು ಮುಚ್ಚುತ್ತದೆ. ಜೊತೆಗೆ ಅಕ್ಷರದಲ್ಲೂ ಬರೆಯಬೇಕು. ‘2.5 ಲಕ್ಷ’ ಎಂಬ ಬರಹವಂತೂ ಬೇಡವೇ ಬೇಡ. ಜೆರಾಕ್ಸ್‌ನಲ್ಲಿ ಚುಕ್ಕೆ ಮಸುಕಾದರೆ ಅದೇ 25 ಲಕ್ಷ.

ಅಂಕಿ ಒಂದು, ಅಕ್ಷರ ಇನ್ನೊಂದು ಹೇಳಿದರೆ? ಚೆಕ್ಕಿನ ವಿಷಯದಲ್ಲಿ 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ 18ನೇ ಕಲಂ ಅಕ್ಷರದ ಮೊತ್ತವನ್ನೇ ಎತ್ತಿ ಹಿಡಿಯುತ್ತದೆ. ಆದರೆ ನಡವಳಿ ಚೆಕ್ಕಲ್ಲ; ಆ ಕಲಂ ಇಲ್ಲಿಗೆ ತಾನಾಗಿ ಅನ್ವಯಿಸದು. ಹಣ ಕೊಡುವ ಮೊದಲು ವಿಷಯವನ್ನು ಮತ್ತೆ ಸಭೆಯ ಮುಂದಿಡುವುದೇ ಕ್ಷೇಮ.

ಇನ್ನು ತೆರಿಗೆ. 85,000 ರೂಪಾಯಿಗೆ ಶೇ. 18ರ ಜಿಎಸ್‌ಟಿ ಸೇರಿದರೆ ಬಿಲ್ಲು 1,00,300 ಆಗುತ್ತದೆ. ತೆರಿಗೆ ಸೇರಿಯೋ ಹೊರತೋ ಎಂದು ಬರೆಯದಿದ್ದರೆ ಗುತ್ತಿಗೆದಾರರೂ ಕಾರ್ಯದರ್ಶಿಯೂ ತಂತಮ್ಮ ಅರ್ಥ ಹಿಡಿದು ಕೂರುತ್ತಾರೆ.

ಹಣ ಯಾವ ಬಾಬಿನಿಂದ ಎಂಬುದು ಅಷ್ಟೇ ಮುಖ್ಯ. ಸರ್ಕಾರಿ ಲೆಕ್ಕದಲ್ಲಿ ರಸ್ತೆ ಮತ್ತು ಸೇತುವೆಗಳಿಗೆ 3054 ಎಂದರೆ ರಾಜಸ್ವ ವೆಚ್ಚ, 5054 ಎಂದರೆ ಬಂಡವಾಳ ವೆಚ್ಚ. ಒಂದು ಅಂಕಿ ತಪ್ಪಿದರೆ ನಿರ್ವಹಣೆಯ ಹಣ ಹೊಸ ಕಾಮಗಾರಿಯ ಲೆಕ್ಕಕ್ಕೆ ಹೋಗುತ್ತದೆ. ಆದ್ದರಿಂದ ಸಂಖ್ಯೆಯ ಪಕ್ಕದಲ್ಲಿ ಲೆಕ್ಕ ಶೀರ್ಷಿಕೆಯ ಹೆಸರೂ ಇರಬೇಕು.

ವಿದೇಶಿ ಖರೀದಿಯಾದರೆ ಬರಿ ‘ಡಾಲರ್’ ಸಾಲದು. ಸಿಂಗಪುರ, ಆಸ್ಟ್ರೇಲಿಯ, ಕೆನಡಾಗಳ ಹಣವೂ ಡಾಲರೇ. ‘1,200 ಅಮೆರಿಕನ್ ಡಾಲರ್, ಪಾವತಿ ದಿನದ ಬ್ಯಾಂಕ್ ದರದಂತೆ, ರೂ.1,10,000/- ಮೀರದಂತೆ’ ಎಂದರೆ ದರ ಏರಿದರೂ ಮಿತಿ ಇರುತ್ತದೆ.

ಹಾಗಾದರೆ ಗೋದಾಮಿನ ಸಾಲು ಹೀಗಾಗುತ್ತದೆ: ‘ಗೋದಾಮಿನ ಮೇಲ್ಛಾವಣಿ ದುರಸ್ತಿಗೆ ಜಿಎಸ್‌ಟಿ ಸೇರಿ ಗರಿಷ್ಠ ರೂ.85,000/- (ರೂಪಾಯಿ ಎಂಬತ್ತೈದು ಸಾವಿರ ಮಾತ್ರ) ಮೊತ್ತವನ್ನು ಪ್ರಸಕ್ತ ಸಾಲಿನ ಬಜೆಟ್ಟಿನ “ಕಟ್ಟಡ ದುರಸ್ತಿ” ಬಾಬಿನಿಂದ ಭರಿಸಲು ಮಂಜೂರು ಮಾಡಲಾಯಿತು.’

ಬರೆಯುವಾಗ ಕೈತಪ್ಪಿದರೆ ವೈಟ್ನರ್ ಬಳಿಯಬಾರದು. ಹಳೆಯ ಅಂಕಿ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದುದನ್ನು ಬರೆದು ಅಧ್ಯಕ್ಷರು ಚಿಕ್ಕ ಸಹಿ ಹಾಕಬೇಕು. ನಡವಳಿ ದೃಢೀಕರಣವಾದ ಮೇಲೆ ಆ ದಾರಿಯೂ ಇಲ್ಲ. ಮೊತ್ತ ಬದಲಾಗಬೇಕಾದರೆ ಹಳೆಯ ಠರಾವಿನ ಸಂಖ್ಯೆ, ದಿನಾಂಕ ಉಲ್ಲೇಖಿಸಿ ಹೊಸ ಠರಾವನ್ನೇ ಮಾಡಬೇಕು.