ಮಾತೃಭಾಷೆಯಲ್ಲಿ ಕರೆದರೆ ಮಾತ್ರ ಪ್ರೀತಿ ತಟ್ಟುತ್ತದೆಯೇ? 'ಮಗಾ', 'ಮಾಣಿ', 'ಮೋಕೆ' ಹೇಳುವ ಕಥೆ

ಕುಟುಂಬದ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ತಿರುಗುವ ಒಂದು ಬಗೆಯ ಸಂದೇಶ ಇದೆ: "ಮಗುವಿನ ಮಿದುಳು ಮಾತೃಭಾಷೆಯ ಪ್ರೀತಿಯನ್ನು ಮಾತ್ರ ಗುರುತಿಸುತ್ತದೆ. ಇಂಗ್ಲಿಷಿನಲ್ಲಿ ಮುದ್ದಿಸಿದರೆ ಮಕ್ಕಳು ಪ್ರೀತಿಯಿಲ್ಲದೆ ಬೆಳೆಯುತ್ತಾರೆ." ಕೆಳಗೆ ಕೈಮುಗಿದ ಚಿಹ್ನೆ, "ಎಲ್ಲರಿಗೂ ಕಳಿಸಿ" ಎಂಬ ಸಾಲು. ಇದಕ್ಕೆ ಉಲ್ಟಾ ಮಾತೂ ಇದೆ: "ಪ್ರೀತಿಗೆ ಭಾಷೆ ಇಲ್ಲ, ಯಾವ ಭಾಷೆಯಲ್ಲಿ ಹೇಳಿದರೂ ಒಂದೇ."

ಎರಡೂ ಪೂರ್ತಿ ಸರಿಯಲ್ಲ. ಇದನ್ನು ನೋಡಲು ಪುತ್ತೂರು, ಸುಳ್ಯ, ಕಡಬಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಇಲ್ಲಿ ಒಂದೇ ಬಸ್ಸಿನಲ್ಲಿ ತುಳು, ಹವ್ಯಕ ಕನ್ನಡ, ಅರೆಭಾಷೆ, ಬ್ಯಾರಿ, ಕೊಂಕಣಿ, ಮಲಯಾಳ ಕೇಳುತ್ತವೆ. ಶಾಲೆಯಲ್ಲಿ ಪುಸ್ತಕದ ಕನ್ನಡ, ಫೋನಿನಲ್ಲಿ ಇಂಗ್ಲಿಷ್. ಮುದ್ದಿನ ಮಾತು ದಿನಕ್ಕೆ ಹತ್ತು ಬಾರಿ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುತ್ತದೆ. ದಾಟುವಾಗ ಏನು ಉಳಿಯುತ್ತದೆ, ಏನು ಕಳೆಯುತ್ತದೆ?

ಮೊದಲು ಹಸುಗೂಸಿನ ವಿಷಯ

ಅಮೆರಿಕದ ಮನಶ್ಶಾಸ್ತ್ರಜ್ಞೆ ಆನ್ ಫರ್ನಾಲ್ಡ್ 1993ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಮಾತಾಡುವ ಮನೆಗಳ ಐದು ತಿಂಗಳ ಶಿಶುಗಳಿಗೆ ಮೆಚ್ಚುಗೆಯ ಮತ್ತು ಗದರಿಕೆಯ ಮಾತುಗಳನ್ನು ಬೇರೆ ಬೇರೆ ಭಾಷೆಗಳಲ್ಲಿ ಕೇಳಿಸಿದರು. ಹಿಂದೆಂದೂ ಕೇಳದ ಜರ್ಮನ್, ಇಟಾಲಿಯನ್ ಮಾತಿಗೂ ಶಿಶುಗಳು ಸರಿಯಾಗಿಯೇ ಸ್ಪಂದಿಸಿದವು. ಮೆಚ್ಚುಗೆಗೆ ಹೆಚ್ಚು ನಕ್ಕವು, ಗದರಿಕೆಗೆ ಮುಖ ಬಿಗಿ ಮಾಡಿದವು. ಅರ್ಥವೇ ಇಲ್ಲದ ಶಬ್ದಗಳನ್ನು ಅದೇ ರಾಗದಲ್ಲಿ ಹೇಳಿದಾಗಲೂ ಹಾಗೆಯೇ ಆಯಿತು. ಜಪಾನಿ ಮಾತಿಗೆ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ.

ಅಂದರೆ ಆ ವಯಸ್ಸಿನಲ್ಲಿ ಮಗುವನ್ನು ತಲುಪುವುದು ಶಬ್ದವಲ್ಲ, ದನಿಯ ಏರಿಳಿತ. ನೀವು ತೊಟ್ಟಿಲ ಬಳಿ "ಚಿನ್ನೂ" ಅನ್ನಿ, "ಸ್ವೀಟೀ" ಅನ್ನಿ, ದನಿ ಮೃದುವಾಗಿದ್ದರೆ ಮಗುವಿಗೆ ಎರಡೂ ಮುದ್ದೇ. ಫಾರ್ವರ್ಡ್ ಹೇಳುವ "ಮಾತೃಭಾಷೆ ಮಾತ್ರ" ಎಂಬುದು ಇಲ್ಲಿಗೇ ಬಿದ್ದುಹೋಗುತ್ತದೆ.

ಹಾಗಾದರೆ ಶಬ್ದಕ್ಕೆ ಬಿಸಿ ಬರುವುದು ಎಲ್ಲಿಂದ?

ಮಗು ಬೆಳೆದಂತೆ ಶಬ್ದಕ್ಕೂ ನೆನಪಿಗೂ ಗಂಟು ಬೀಳುತ್ತದೆ. ಕ್ಯಾಥರೀನ್ ಹ್ಯಾರಿಸ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆದು ನೋಡಿತು. ಮನಸ್ಸು ಕಲಕಿದಾಗ ಬೆರಳ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಬೆವರು ಬರುತ್ತದೆ, ಚರ್ಮದಲ್ಲಿ ವಿದ್ಯುತ್ ಹರಿಯುವುದು ಸುಲಭವಾಗುತ್ತದೆ. ಇದನ್ನು ಯಂತ್ರ ದಾಖಲಿಸಬಲ್ಲದು. ಟರ್ಕಿಶ್ ಮನೆಮಾತಿನವರಿಗೆ, ಇಂಗ್ಲಿಷನ್ನು ತಡವಾಗಿ ಕಲಿತವರಿಗೆ, ಎರಡೂ ಭಾಷೆಯ ಮಾತುಗಳನ್ನು ಕೊಟ್ಟು ನೋಡಿದರು. ಚಿಕ್ಕಂದಿನಲ್ಲಿ ಹಿರಿಯರು ಗದರುತ್ತಿದ್ದ ಮಾತು ಟರ್ಕಿಶ್‌ನಲ್ಲಿ ಬಂದಾಗ ಬೆರಳು ಜೋರಾಗಿ ಸ್ಪಂದಿಸಿತು. ಅದೇ ಮಾತು ಇಂಗ್ಲಿಷಿನಲ್ಲಿ ಬಂದಾಗ ಅಷ್ಟಿಲ್ಲ.

ಇದರ ಮುಂದಿನ ಭಾಗವನ್ನು ಫಾರ್ವರ್ಡ್‌ಗಳು ಎಂದೂ ಹೇಳುವುದಿಲ್ಲ. ಮುಂದಿನ ವರ್ಷ ಹ್ಯಾರಿಸ್ ಸ್ಪ್ಯಾನಿಷ್ ಮತ್ತು ಇಂಗ್ಲಿಷ್ ಎರಡನ್ನೂ ಎಳವೆಯಲ್ಲೇ ಕಲಿತವರನ್ನು ಪರೀಕ್ಷಿಸಿದಾಗ ಆ ಅಂತರ ಕಾಣಲಿಲ್ಲ. ಅಂದರೆ ಬಿಸಿ ಇರುವುದು "ಮಾತೃಭಾಷೆ" ಎಂಬ ಹಣೆಪಟ್ಟಿಯಲ್ಲಲ್ಲ. ಯಾರ ಮಡಿಲಲ್ಲಿ, ಯಾವ ವಯಸ್ಸಿನಲ್ಲಿ, ಯಾವ ಸಂದರ್ಭದಲ್ಲಿ ಆ ಮಾತು ಕಿವಿಗೆ ಬಿತ್ತು ಎಂಬುದರಲ್ಲಿ. ಅಜ್ಜಿ ತುಳುವಿನಲ್ಲಿ, ಅಪ್ಪ ಕನ್ನಡದಲ್ಲಿ ಮುದ್ದಿಸಿ ಬೆಳೆಸಿದ ಮಗುವಿಗೆ ಎರಡೂ ಬಿಸಿಯಾಗಿರಬಹುದು. ಒಂದು ಎಚ್ಚರ: ಈ ಯಂತ್ರ ಅಳೆಯುವುದು ಮನಸ್ಸು ಎಷ್ಟು ಕಲಕಿತು ಎಂಬುದನ್ನು, ಪ್ರೀತಿಯನ್ನಲ್ಲ.

ಒಂದು ಕರೆ, ಮೂರು ಭಾಷೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪುತ್ತೂರಿನ ಅಜ್ಜಿ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮೊಮ್ಮಗಳು. ವಿಡಿಯೊ ಕರೆಯಲ್ಲಿ ಅಜ್ಜಿ ಹೇಳುತ್ತಾರೆ: "ಇಡೆ ಬಲ ಮಗಾ." ಇಲ್ಲಿ ಬಾ ಮಗಾ ಎಂದರ್ಥ.

ಈ ಮೂರು ಶಬ್ದದಲ್ಲಿ ಪ್ರೀತಿ ಎರಡು ಕಡೆ ಅಡಗಿದೆ. ಮೊದಲನೆಯದು "ಬಲ". ತುಳುವಿನಲ್ಲಿ ಗೌರವ ಕೊಡಬೇಕಾದವರಿಗೆ "ಬಲೆ", ಹತ್ತಿರದವರಿಗೆ "ಬಲ". ಕ್ರಿಯಾಪದವೇ "ನೀನು ನನ್ನವಳು" ಎಂದು ಹೇಳಿಬಿಡುತ್ತದೆ. ಎರಡನೆಯದು "ಮಗಾ". ಗಂಡುಮಗನನ್ನು ಕರೆಯುವ ಮಾತಾದರೂ ಕರಾವಳಿಯ ಹಲವು ಮನೆಗಳಲ್ಲಿ ಹೆಣ್ಣುಮಗುವಿಗೂ ಇದೇ. ಲೆಕ್ಕಕ್ಕೆ ತಪ್ಪು, ಮುದ್ದಿಗೆ ಸರಿ. ಕನ್ನಡದ ಅಮ್ಮ ಪುಟ್ಟ ಮಗನಿಗೆ "ಬಾರಪ್ಪಾ", ಮಗಳಿಗೆ "ಬಾಮ್ಮಾ" ಎನ್ನುವಾಗಲೂ ಹೀಗೇ. ಮಗುವನ್ನೇ ಅಪ್ಪ, ಅಮ್ಮ ಎಂದು ಕರೆಯುವ ಈ ರೂಢಿ ಅರಬಿ ಮಾತಾಡುವ ಮನೆಗಳಲ್ಲೂ ಇದೆ.

ಈಗ ಇದನ್ನು ಇಂಗ್ಲಿಷಿಗೆ ದಾಟಿಸಿ: "ಕಮ್ ಹಿಯರ್, ಡಿಯರ್." "ಕಮ್" ಎಂಬುದಕ್ಕೆ ಬಾ, ಬನ್ನಿ ಎಂಬ ಭೇದ ಇಲ್ಲ. ಮೇಲಧಿಕಾರಿಗೂ ಅದೇ, ಮೊಮ್ಮಗಳಿಗೂ ಅದೇ. "ಡಿಯರ್" ಎಂಬುದನ್ನು ನಮ್ಮ ಮಕ್ಕಳು ಮೊದಲು ಕಲಿಯುವುದು ರಜೆ ಅರ್ಜಿಯ "ಡಿಯರ್ ಸರ್" ಎಂಬಲ್ಲಿ. ಅರ್ಥ ತಲುಪಿತು, ಮಡಿಲು ತಲುಪಲಿಲ್ಲ.

ಕನ್ನಡಕ್ಕೆ ದಾಟಿಸಿದರೆ? "ಇಲ್ಲಿ ಬಾ ಮಗಾ." ಅಕ್ಷರಕ್ಕಕ್ಷರ ಸರಿ. ಆದರೆ ಬೆಂಗಳೂರಿನ ಕಾಲೇಜಿನಲ್ಲಿ "ಮಗಾ" ಎಂದರೆ ಗೆಳೆಯ. "ಏನ್ ಮಗಾ, ಕ್ಲಾಸಿಗೆ ಬರಲ್ವಾ?" ಎಂಬ ಮಗಾ ಅದು. ಮೊಮ್ಮಗಳಿಗೆ ನಗು ಬರುತ್ತದೆ, ಅಜ್ಜಿಗೆ ಏಕೆಂದು ಅರ್ಥವಾಗುವುದಿಲ್ಲ. ಶಬ್ದ ಬದಲಾಗಿಲ್ಲ, ಅದಕ್ಕೆ ಗಂಟುಬಿದ್ದ ನೆನಪು ಬೇರೆ.

ಇದಕ್ಕೆ ಮನೆಗಳು ತಾವಾಗಿಯೇ ಕಂಡುಕೊಂಡ ದಾರಿ ಇದೆ. ವಾಕ್ಯ ಯಾವ ಭಾಷೆಗಾದರೂ ಹೋಗಲಿ, ಕರೆಯುವ ಶಬ್ದವನ್ನು ಮನೆಯಲ್ಲೇ ಬಿಡುವುದು. "ಹೋಮ್‌ವರ್ಕ್ ಫಿನಿಶ್ ಮಾಡು ಬಾಲೆ" ಎಂಬ ಮಾತಿನಲ್ಲಿ ಭಾಷೆ ಮೂರು, ಮುದ್ದಿನ ಶಬ್ದ ತುಳುವಿನದೇ. ಮಲಯಾಳ ಮಾತಾಡುವ ಕಡಬದ ಮನೆಗಳ "ಮೋನೆ", "ಮೋಳೆ"ಗೂ ಇದು ಸಲ್ಲುತ್ತದೆ.

ಪ್ರೀತಿಯ ಮಾತು ಅವಮಾನವಾಗಿ ಕೇಳಿಸುವುದು

ಬಿಸಿ ಕಡಿಮೆಯಾಗುವುದು ಒಂದು, ತಿರುಗುಬಾಣವಾಗುವುದು ಇನ್ನೊಂದು. ಹವ್ಯಕ ಮನೆಗಳಲ್ಲಿ ಹುಡುಗನಿಗೆ "ಮಾಣಿ", ಹುಡುಗಿಗೆ "ಕೂಸು". ಹೋಟೆಲಿನಲ್ಲಿ ತಿಂಡಿ ತಂದುಕೊಡುವವರನ್ನೂ "ಮಾಣಿ" ಎಂದು ಕರೆಯುವ ರೂಢಿ ಕನ್ನಡನಾಡಿನಲ್ಲಿದೆ. ಸುಳ್ಯದ ಅಜ್ಜ ಮೊಮ್ಮಗನ ಗೆಳೆಯರ ಮುಂದೆ "ಏ ಮಾಣೀ" ಎಂದು ಅಕ್ಕರೆಯಿಂದ ಕೂಗಿದರೆ, ಬಯಲುಸೀಮೆಯ ಗೆಳೆಯನ ಕಿವಿಗೆ ಅದು ಬೇರೆಯೇ.

ಇದಕ್ಕಿಂತ ಹೆಚ್ಚು ನೋಯಿಸುವುದು "ಅದು". ಈ ಭಾಗದ ಹವ್ಯಕ ಕನ್ನಡದಲ್ಲಿ ಹೆಂಗಸರ ಬಗ್ಗೆ ಹೇಳುವಾಗ ನಪುಂಸಕ ಲಿಂಗ ಬಳಸುವುದು ವಾಡಿಕೆ. "ಅಕ್ಕ ಬಂದಳು" ಅಲ್ಲ, "ಅಕ್ಕ ಬಂತು". ಅಮ್ಮನಿಗೂ ಹೀಗೇ, ಅದರಲ್ಲಿ ಅಗೌರವ ಇಲ್ಲ. ಆದರೆ ಮೈಸೂರು ಕಡೆಯಿಂದ ಬಂದ ಸೊಸೆಗೆ, ಅತ್ತೆ ತನ್ನನ್ನು "ಅದು" ಎನ್ನುವುದು ಕೇಳಿದ ದಿನ ಊಟ ಇಳಿಯಲಿಕ್ಕಿಲ್ಲ. ಅವಳ ಕನ್ನಡದಲ್ಲಿ ದೊಡ್ಡವರನ್ನು "ಅದು" ಎನ್ನುವುದು ಬೈಗುಳ.

ಇಲ್ಲಿ ಅತ್ತೆಯ ಮನಸ್ಸಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಒಂದು ಸುಲಭ ಪರೀಕ್ಷೆ ಇದೆ. ಅವರು ತಮ್ಮ ಸ್ವಂತ ಮಗಳ ಬಗ್ಗೆ, ತಮ್ಮ ಅಕ್ಕನ ಬಗ್ಗೆ ಮಾತಾಡುವಾಗ ಏನು ಬಳಸುತ್ತಾರೆ ಕೇಳಿ. ಅಲ್ಲಿಯೂ "ಬಂತು" ಎಂದೇ ಇದ್ದರೆ ಅದು ವ್ಯಾಕರಣ. ಮಗಳಿಗೊಂದು, ಸೊಸೆಗೊಂದು ಇದ್ದರೆ ಆಗ ಅದು ಮನಸ್ಸಿನ ಮಾತು. ಹಾಗೆಯೇ ಬಯಲುಸೀಮೆಯ ಸೊಸೆ ತನ್ನ ರೂಢಿಯಂತೆ ಅತ್ತೆಯನ್ನು "ಅವರು" ಎಂದರೆ, ಈ ಮನೆಯವರಿಗೆ "ಇದೇನು ಇಷ್ಟು ದೂರ ಇಡುತ್ತಾಳೆ" ಎನಿಸಬಹುದು. ಅದಕ್ಕೂ ಇದೇ ಪರೀಕ್ಷೆ: ಅವಳು ತನ್ನ ಅಮ್ಮನನ್ನು ಏನೆನ್ನುತ್ತಾಳೆ?

ಗಂಡ ಹೆಂಡಿರ ನಡುವೆ

"ನಾನು ನಿನ್ನನ್ನು ಪ್ರೀತಿಸುತ್ತೇನೆ" ಎಂದು ಜೋರಾಗಿ ಹೇಳಿ ನೋಡಿ. ನಾಟಕದ ಡೈಲಾಗ್ ಅನಿಸುತ್ತದೆ. ತುಳು ಮನೆಮಾತಿನವರಿಗೆ ಇದು ಇನ್ನೂ ಹೆಚ್ಚು, ಏಕೆಂದರೆ ಈ ಕನ್ನಡ ಅವರಿಗೆ ಬಂದದ್ದು ಶಾಲೆಯಿಂದ. ತುಳುವಿನ "ಮೋಕೆ" ಮಗುವಿಗೂ, ಗೆಳೆಯನಿಗೂ, ನೆಂಟರಿಗೂ ಸಲ್ಲುತ್ತದೆ. ವೇದಿಕೆಯ ಭಾಷಣವೂ "ಮೋಕೆದ" ಎಂದೇ ಶುರುವಾಗುತ್ತದೆ. ಹಾಗಾಗಿ ಅದು "ಲವ್" ಎಂಬ ಒಂದೇ ಪೆಟ್ಟಿಗೆಯಲ್ಲಿ ಹಿಡಿಸುವುದಿಲ್ಲ.

ಭಾಷಾಶಾಸ್ತ್ರಜ್ಞ ಜಾನ್-ಮಾರ್ಕ್ ಡೆವಾಲೆ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 1,459 ಬಹುಭಾಷಿಕರನ್ನು "ಐ ಲವ್ ಯೂ" ಎಂಬ ಮಾತು ಯಾವ ಭಾಷೆಯಲ್ಲಿ ಹೆಚ್ಚು ತೂಕ ಎಂದು ಕೇಳಿದರು. ಸುಮಾರು ಅರ್ಧ ಮಂದಿ ಮೊದಲ ಭಾಷೆಯಲ್ಲಿ ಎಂದರು. ಮೂರನೇ ಒಂದರ ಹತ್ತಿರದಷ್ಟು ಮಂದಿಗೆ ಎರಡೂ ಸಮ. ಉಳಿದವರಿಗೆ ನಂತರ ಕಲಿತ ಭಾಷೆಯಲ್ಲೇ ಹೆಚ್ಚು. ಆ ಭಾಷೆಯ ಒಡನಾಟ ಎಷ್ಟು, ಅದರಲ್ಲಿ ಬದುಕಿದ್ದೆಷ್ಟು ಎಂಬುದರ ಮೇಲೆ ಉತ್ತರ ಬದಲಾಗುತ್ತಿತ್ತು.

ನಮ್ಮಲ್ಲಿ "ಐ ಲವ್ ಯೂ" ಸುಲಭವಾಗಿ ಬಾಯಿಗೆ ಬರುವುದಕ್ಕೆ ಒಂದು ಕಾರಣ ಅದರ ಹಗುರತನವೇ. ಆದರೆ ಮಾತೇ ಹಗುರ ಎಂದರೆ ಮನಸ್ಸೂ ಹಗುರ ಎಂದಲ್ಲ. ಪ್ರೀತಿಸಿದವರ ಜೊತೆ ಇಂಗ್ಲಿಷಿನಲ್ಲೇ ವರ್ಷಗಟ್ಟಲೆ ಬದುಕಿದವರಿಗೆ ಅದಕ್ಕೂ ತೂಕ ಬರುತ್ತದೆ. ಇನ್ನು ಕನ್ನಡದ "ರೀ" ನೋಡಿ. ವ್ಯಾಕರಣದ ಪ್ರಕಾರ ಅದು ಬರೀ ಗೌರವದ ಬಹುವಚನದ ತುಣುಕು, "ಕೇಳಿರಿ" ಎಂಬುದರ ಬಾಲ. ಇಂಗ್ಲಿಷಿಗೆ ದಾಟಿಸಲು ಅದರಲ್ಲಿ ಅರ್ಥವೇ ಇಲ್ಲ. ಆದರೆ ಮೂವತ್ತು ವರ್ಷ ಅಡುಗೆಮನೆಯಿಂದ ಅದೇ ದನಿಯಲ್ಲಿ ಬಂದ "ರೀ"ಗೆ ಯಾವ "ಡಾರ್ಲಿಂಗ್" ಸಮ ಬರುತ್ತದೆ?

ಫಾರ್ವರ್ಡ್ ಬಂದರೆ ಏನು ಹೇಳಬಹುದು?

*ಇಂಗ್ಲಿಷಿನಲ್ಲಿ ಮುದ್ದಿಸಿದರೆ ಮಗುವಿಗೆ ಪ್ರೀತಿ ತಲುಪುವುದಿಲ್ಲ:* ತಪ್ಪು. ಹಸುಗೂಸಿಗೆ ದನಿ ಮುಖ್ಯ, ಬೆಳೆದ ಮೇಲೆ ಎಳವೆಯಲ್ಲಿ ಯಾರಿಂದ ಕೇಳಿದ ಮಾತು ಎಂಬುದು ಮುಖ್ಯ.

*ಯಾವ ಭಾಷೆಯಲ್ಲಾದರೂ ಒಂದೇ:* ಇದೂ ತಪ್ಪು. "ಬಲ"ದಲ್ಲಿರುವ ಸಲಿಗೆ "ಕಮ್"ನಲ್ಲಿಲ್ಲ, ಪುತ್ತೂರಿನ "ಮಗಾ" ಬೆಂಗಳೂರಿನ "ಮಗಾ" ಅಲ್ಲ.

*ಬೇರೆ ಭಾಷೆಯವರು ಕರೆದ ರೀತಿ ನೋಯಿಸಿದರೆ:* ತಮ್ಮ ಮನೆಯವರನ್ನು ಅವರು ಹೇಗೆ ಕರೆಯುತ್ತಾರೆ ಎಂದು ಒಂದು ದಿನ ಕಿವಿಗೊಟ್ಟು ಕೇಳಿ. ಉತ್ತರ ಅಲ್ಲಿರುತ್ತದೆ.